ಖಾಲಿ ಕೋಣೆಯಲ್ಲಿ ಅಣಬೆ

ಬಾಡಿಗೆಗೆ ಹೋಗದ ಹಿಂಬದಿಯ ಕೋಣೆಯೊಂದಿದ್ದರೆ ಅದರಲ್ಲಿ ಚಿಪ್ಪು ಅಣಬೆ ಬೆಳೆಯಬಹುದು. ಕೋಣೆ ತಂಪಾಗಿರಬೇಕು. ತಗಡಿನ ಚಾವಣಿಯದಾದರೆ ಬೇಸಿಗೆಯಲ್ಲಿ ಆಸೆ ಬಿಡಿ.

ಭತ್ತದ ಒಣಹುಲ್ಲನ್ನು ಎರಡು ಇಂಚಿಗೆ ಕತ್ತರಿಸಿ ರಾತ್ರಿ ನೆನೆಸಿ, ಮರುದಿನ ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು ಆರಹಾಕಬೇಕು. ಗುಟ್ಟಿರುವುದು ಇಲ್ಲೇ. ಮುಷ್ಟಿಯಲ್ಲಿ ಹಿಂಡಿದರೆ ಕೈಗೆ ತೇವ ತಾಗಬೇಕು, ನೀರು ತೊಟ್ಟಿಕ್ಕಬಾರದು. ನೀರು ಹೆಚ್ಚಾದರೆ ಹುಲ್ಲು ಕೊಳೆಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಅಣಬೆ ಬೀಜ ಹೀಗೆ ತುಂಬಿ, ಬಾಯಿ ಕಟ್ಟಿ, ಸುತ್ತ ಸಣ್ಣ ತೂತು ಮಾಡಿ ಕತ್ತಲಲ್ಲಿಡಿ. ಎರಡು ಮೂರು ವಾರದಲ್ಲಿ ಒಳಗೆಲ್ಲ ಬೆಳ್ಳಗಾಗುತ್ತದೆ. ಆಗ ಚೀಲ ಸೀಳಿ, ಗಾಳಿ ಬೆಳಕು ಬಿಟ್ಟು, ದಿನಕ್ಕೆರಡು ಮೂರು ಸಲ ನೀರು ಚಿಮುಕಿಸಬೇಕು. ಹಸಿರು ಬೂಷ್ಟು ಕಂಡ ಚೀಲವನ್ನು ಅಂದೇ ಹೊರಗೆ ಸಾಗಿಸಿ.

ಒಂದು ಕಿಲೋ ಒಣಹುಲ್ಲಿಗೆ ಸುಮಾರು ಅರ್ಧ ಕಿಲೋ ಅಣಬೆ ಎಂದು ಲೆಕ್ಕ ಹಿಡಿಯಿರಿ. ಕಿಲೋ ಹುಲ್ಲಿನ 20 ಚೀಲಗಳನ್ನು ಒಂದೇ ದಿನ ಕಟ್ಟಿದರೆ ಬೆಳೆ ಒಟ್ಟಿಗೆ ಬಂದು, ಸಣ್ಣ ಊರಲ್ಲಿ ಕೊಳ್ಳುವವರಿಲ್ಲದೆ ಬಾಡುತ್ತದೆ. ವಾರಕ್ಕೆ ಐದೈದು ಕಟ್ಟಿ. ಮಿಕ್ಕಿದ್ದನ್ನು ತಾರಸಿಯಲ್ಲಿ ಒಣಗಿಸಬಹುದು. ಅಣಬೆಯ ಬೀಜಕಣ ಕೆಲವರಿಗೆ ಕೆಮ್ಮು ತರುತ್ತದೆ, ಮಾಸ್ಕ್ ಹಾಕಿಕೊಳ್ಳಿ. ಬೀಜ ಕೊಳ್ಳುವ ಮೊದಲು ಊರಿನ ಎರಡು ಹೋಟೆಲು, ನಾಲ್ಕು ತರಕಾರಿ ಅಂಗಡಿಯವರನ್ನು ಕೇಳಿಕೊಂಡು ಬನ್ನಿ.