ರೈಲು, ಕಾರಿನ ಗಾಜಿನಾಚೆ ಕೂತವರ ಫೋಟೋದಲ್ಲಿ ಮುಖದ ಬದಲು ಆಕಾಶವೇ ಕಾಣುವುದು ಏಕೆ? ಒಂದು ಕಪ್ಪು ಕೊಡೆ ಸಾಕು!

ಭದ್ರಾವತಿ ರೈಲು ನಿಲ್ದಾಣ. ಮಗಳು ಮೊದಲ ಕೆಲಸಕ್ಕೆಂದು ಬೆಂಗಳೂರಿಗೆ ಹೊರಟಿದ್ದಾಳೆ. ಎ.ಸಿ. ಬೋಗಿಯ ಕಿಟಕಿಯ ಪಕ್ಕ ಕೂತು ನಗುತ್ತಿದ್ದಾಳೆ. ಪ್ಲಾಟ್‌ಫಾರಂ ಮೇಲೆ ನಿಂತ ಅಪ್ಪ ಮೊಬೈಲ್ ಎತ್ತಿ ನಾಲ್ಕು ಫೋಟೋ ತೆಗೆಯುತ್ತಾರೆ. ರೈಲು ಹೋದ ಮೇಲೆ ನೋಡಿದರೆ ನಾಲ್ಕರಲ್ಲೂ ಮೋಡ, ವಿದ್ಯುತ್ ಕಂಬ, ಫೋಟೋ ತೆಗೆದವರ ಬಿಳಿ ಅಂಗಿ. ಮಗಳ ಮುಖ ಇರಬೇಕಾದ ಜಾಗದಲ್ಲಿ ಬಿಳಿ ಮಬ್ಬು. ರೈಲನ್ನು ವಾಪಸ್ ಕರೆಸಿ ಇನ್ನೊಮ್ಮೆ ತೆಗೆಯಲು ಆಗುವುದಿಲ್ಲ.

ಇದಕ್ಕೆ ಪರಿಹಾರವೆಂದು ಜನ ಹಲವು ಉಪಾಯ ಹೇಳುತ್ತಾರೆ. ಗಾಜಿಗೆ ಎಣ್ಣೆ ಒರೆಸಿ, ಫ್ಲ್ಯಾಶ್ ಹಾಕಿ, ಆಮೇಲೆ ಆ್ಯಪ್‌ನಲ್ಲಿ ಸರಿಮಾಡಿ. ಇವುಗಳಲ್ಲಿ ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ? ಮೊದಲು ಗಾಜು ಮಾಡುವ ಕೆಲಸ ಏನೆಂದು ನೋಡೋಣ.

ಗಾಜು ಪ್ರತಿಫಲಿಸುವುದು ಸ್ವಲ್ಪವೇ, ಆದರೆ ಆಕಾಶದ ಬೆಳಕು ಬಹಳ

ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ಗಾಜಿನ ಒಂದು ಮೇಲ್ಮೈ ಹಿಂದಕ್ಕೆ ಕಳಿಸುತ್ತದೆ. ಗಾಜಿಗೆ ಹೊರಗೊಂದು, ಒಳಗೊಂದು ಮೇಲ್ಮೈ ಇರುವುದರಿಂದ ಒಟ್ಟು ಸುಮಾರು ಶೇ. 8. ಎ.ಸಿ. ಬೋಗಿಯ ಕಿಟಕಿಯಲ್ಲಿ ಸಾಮಾನ್ಯವಾಗಿ ಎರಡು ಪದರ ಗಾಜು ಇರುತ್ತದೆ. ಅಲ್ಲಿ ಪ್ರತಿಫಲನ ಇನ್ನೂ ಹೆಚ್ಚು, ಕೆಲವೊಮ್ಮೆ ಒಂದೇ ವಸ್ತು ಎರಡೆರಡಾಗಿ ಕಾಣುವುದೂ ಅದಕ್ಕೇ.

ಶೇ. 8 ಎಂದರೆ ಬಹಳ ಕಡಿಮೆ ಅನ್ನಿಸಬಹುದು. ಒಂದು ಅಂದಾಜು ಲೆಕ್ಕ ಹಾಕೋಣ. ಹಗಲಿನ ಮೋಡದ ಆಕಾಶದ ಹೊಳಪು 3000 ಅಂಕ ಎಂದಿಟ್ಟುಕೊಳ್ಳಿ. ಅದೇ ಅಳತೆಯಲ್ಲಿ ಬೋಗಿಯೊಳಗೆ ನೆರಳಿನಲ್ಲಿ ಕೂತವರ ಮುಖದ ಹೊಳಪು 100ರ ಆಸುಪಾಸು. ಆಕಾಶದ ಶೇ. 8 ಎಂದರೆ 240. ಮುಖದ 100ರಲ್ಲಿ ಬಣ್ಣದ ಗಾಜು ಅರ್ಧ ನುಂಗಿದರೆ ಹೊರಗೆ ಬರುವುದು 50 ಮಾತ್ರ. ಅಂದರೆ ಕ್ಯಾಮೆರಾಗೆ ಮುಖದ ಬೆಳಕಿಗಿಂತ ಆಕಾಶದ ಪ್ರತಿಬಿಂಬದ ಬೆಳಕೇ ಸುಮಾರು ಐದು ಪಟ್ಟು ಹೆಚ್ಚಾಗಿ ಸಿಗುತ್ತಿದೆ. ಮುಖ ಕಾಣದಿರುವುದು ಮೊಬೈಲಿನ ದೋಷವಲ್ಲ.

ಈಗ ಆಕಾಶದ ಜಾಗದಲ್ಲಿ ಕಪ್ಪು ಬಟ್ಟೆ ಇದ್ದರೆ? ನೆರಳಿನಲ್ಲಿರುವ ಕಪ್ಪು ಬಟ್ಟೆಯ ಹೊಳಪು 20 ಎಂದುಕೊಂಡರೆ ಅದರ ಶೇ. 8 ಎಂದರೆ 2ಕ್ಕೂ ಕಡಿಮೆ. ಮುಖದಿಂದ ಬರುವ 50ರ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಗಾಜು ಅದೇ, ಮೊಬೈಲ್ ಅದೇ, ಪ್ರತಿಫಲಿಸುವ ಪ್ರಮಾಣವೂ ಅದೇ. ಬದಲಾಗಿದ್ದು ಗಾಜು ಏನನ್ನು ಪ್ರತಿಫಲಿಸುತ್ತಿದೆ ಎಂಬುದು ಮಾತ್ರ.

ರಾತ್ರಿ ಈ ತೊಂದರೆಯೇ ಇರುವುದಿಲ್ಲ. ಶಿವಮೊಗ್ಗದಿಂದ ಬೆಳಗಿನ ಜಾವದ ಕತ್ತಲಲ್ಲಿ ಹೊರಡುವ ರೈಲಿನಲ್ಲಿ ಕೂತವರ ಮುಖ ಹೊರಗೆ ನಿಂತವರಿಗೆ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಒಳಗೆ ದೀಪ, ಹೊರಗೆ ಕತ್ತಲೆ. ಆಗ ಹೊರಗೆ ನೋಡಲು ಹೋದ ಪ್ರಯಾಣಿಕರಿಗೆ ಮಾತ್ರ ಗಾಜಿನಲ್ಲಿ ತಮ್ಮದೇ ಮುಖ ಕಾಣುತ್ತದೆ.

ಕೊಡೆಯನ್ನು ಎಲ್ಲಿ ಹಿಡಿಯಬೇಕು?

ಗಾಜನ್ನು ಕನ್ನಡಿ ಎಂದುಕೊಳ್ಳಿ. ಕನ್ನಡಿಯ ಎದುರು ನೇರವಾಗಿ ನಿಂತರೆ ಕಾಣುವುದು ನೀವೇ. ಓರೆಯಾಗಿ ಎಡಗಡೆ ನಿಂತು ನೋಡಿದರೆ ಬಲಗಡೆಯ ವಸ್ತು ಕಾಣುತ್ತದೆ. ಕೆಳಗಿನಿಂದ ಮೇಲಕ್ಕೆ ನೋಡಿದರೆ ನಿಮ್ಮ ತಲೆಯ ಮೇಲಿರುವುದು ಕಾಣುತ್ತದೆ. ಕೊಡೆ ಹಿಡಿಯಬೇಕಾದ್ದು ಹಾಗೆ ಕಾಣುವ ಜಾಗದಲ್ಲಿ, ಬೇರೆಲ್ಲಿ ಹಿಡಿದರೂ ಪ್ರಯೋಜನವಿಲ್ಲ.

ರೈಲಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮಗಳ ಮುಖ ಗಾಜಿನಿಂದ 30 ಸೆಂ.ಮೀ. ಒಳಗಿದೆ, ಮೊಬೈಲ್ ಗಾಜಿನಿಂದ 1 ಮೀಟರ್ ಹೊರಗಿದೆ. ಮುಖದ ಎತ್ತರ 24 ಸೆಂ.ಮೀ. ಎಂದರೆ, ಗಾಜಿನ ಮೇಲೆ ಆ ಮುಖ ಕಾಣುವ ಜಾಗ ಸುಮಾರು 18 ಸೆಂ.ಮೀ. ಎತ್ತರದ್ದು. ಅಷ್ಟು ಜಾಗದಲ್ಲಿ ಪ್ರತಿಫಲಿಸುವ ದೃಶ್ಯ ಮೊಬೈಲ್ ಇರುವ ದೂರದಲ್ಲಿ ಸುಮಾರು 37 ಸೆಂ.ಮೀ. ಎತ್ತರ, 25 ಸೆಂ.ಮೀ. ಅಗಲ ಆಗುತ್ತದೆ. ಕಪ್ಪಾಗಬೇಕಾದ್ದು ಇಷ್ಟೇ ಜಾಗ, ಇಡೀ ಪ್ಲಾಟ್‌ಫಾರಂ ಅಲ್ಲ!

ಹಾಗಾಗಿ ಕಡು ಬಣ್ಣದ ಅಂಗಿ ಹಾಕಿಕೊಂಡು, ಮೊಬೈಲನ್ನು ಪ್ರಯಾಣಿಕರ ಮುಖದ ಎತ್ತರಕ್ಕೇ ತಂದು, ನೇರವಾಗಿ ಎದುರು ನಿಂತರೆ ಅರ್ಧ ಕೆಲಸವನ್ನು ನಿಮ್ಮ ದೇಹವೇ ಮಾಡುತ್ತದೆ. ಬಿಳಿ ಅಂಗಿ ಇದ್ದರೆ ಅದೇ ಬೆಳ್ಳಗೆ ಪ್ರತಿಬಿಂಬಿಸುತ್ತದೆ. ಕೈ ಚಾಚಿ ಹಿಡಿದಾಗ ದೇಹ ಇನ್ನಷ್ಟು ಹಿಂದಿರುವುದರಿಂದ ಮುಚ್ಚಬೇಕಾದ ಜಾಗವೂ ದೊಡ್ಡದಾಗುತ್ತದೆ, ತಲೆಯ ಮೇಲಿನ ಆಕಾಶದ ಒಂದು ಪಟ್ಟಿ ಹಣೆಯ ಮೇಲೆ ಬೀಳಬಹುದು. ಕೊಡೆ ಬೇಕಾಗುವುದು ಆಗಲೇ.

ಮಲೆನಾಡಿನ ಮನೆಗಳಲ್ಲಿ ಕಪ್ಪು ಕೊಡೆಗೆ ಬರವಿಲ್ಲ. ಅದನ್ನು ಬಿಚ್ಚಿ, ಹಿಡಿಕೆಯನ್ನು ಹೆಗಲ ಮೇಲಿಟ್ಟು, ಒಳಭಾಗ ಗಾಜಿನ ಕಡೆ ಇರುವಂತೆ ತಲೆಯ ಹಿಂದೆ ಹಿಡಿಯಿರಿ. ಜೊತೆಗೆ ಬಂದವರು ಹಿಡಿದರೆ ಇನ್ನೂ ಒಳ್ಳೆಯದು. ನೀವು ಮೊಬೈಲ್ ಪರದೆ ನೋಡುತ್ತಾ, ಮುಖದ ಮೇಲಿನ ಬಿಳಿ ಮಾಯವಾಗುವವರೆಗೂ ಕೊಡೆಯನ್ನು ಸ್ವಲ್ಪ ಸ್ವಲ್ಪ ಸರಿಸಲು ಹೇಳಿ. ಒಳಗೆ ಬೆಳ್ಳಿ ಬಣ್ಣ ಬಳಿದ ಕೊಡೆ ಬೇಡ. ಕೆಂಪು ಕೊಡೆ ಹಿಡಿದರೆ ಮುಖಕ್ಕೆ ಕೆಂಪು ಛಾಯೆ ಬರುತ್ತದೆ.

ಪ್ಲಾಟ್‌ಫಾರಂ ತಗ್ಗಾಗಿದ್ದರೆ ನೀವು ಮೊಬೈಲನ್ನು ಮೇಲಕ್ಕೆ ಓರೆ ಮಾಡುತ್ತೀರಿ, ಆಗ ಗಾಜು ತೋರಿಸುವುದು ಆಕಾಶವನ್ನೇ. ಕೈ ಎತ್ತಿ ಮೊಬೈಲನ್ನು ಅವರ ಮುಖದ ಮಟ್ಟಕ್ಕೆ ಒಯ್ಯಿರಿ, ಇಲ್ಲವಾದರೆ ಕೊಡೆಯನ್ನು ಇನ್ನೂ ಎತ್ತರಕ್ಕೆ ಹಿಡಿಸಿ. ಇದೆಲ್ಲ ರೈಲು ನಿಂತಿರುವಾಗ ಮಾತ್ರ. ಭದ್ರಾವತಿಯಂಥ ಕಡೆ ರೈಲು ನಿಲ್ಲುವುದು ಸ್ವಲ್ಪ ಹೊತ್ತು, ಆದ್ದರಿಂದ ರೈಲು ಬರುವ ಮೊದಲೇ ಕೊಡೆ ಸಿದ್ಧವಿರಲಿ. ಅಲುಗಾಡಿದ ಕೂಡಲೇ ಹಿಂದೆ ಸರಿಯಿರಿ.

ಕಾರಿನಲ್ಲಿ ಲೆಕ್ಕ ಸ್ವಲ್ಪ ಬೇರೆ

ರೈಲಿನ ಕಿಟಕಿ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಕಾರಿನ ಪಕ್ಕದ ಗಾಜು ಹಾಗಲ್ಲ, ಅದರ ಮೇಲ್ಭಾಗ ಒಳಕ್ಕೆ ವಾಲಿರುತ್ತದೆ. 20 ಡಿಗ್ರಿ ವಾಲಿದೆ ಎಂದರೆ, ನೇರವಾಗಿ ಎದುರಿನಿಂದ ನೋಡಿದಾಗ ಪ್ರತಿಫಲನ ಅದರ ಎರಡು ಪಟ್ಟು, ಅಂದರೆ 40 ಡಿಗ್ರಿ ಮೇಲಿನಿಂದ ಬರುತ್ತದೆ. ಅಲ್ಲಿ ಇರುವುದು ಆಕಾಶ. ಬಗ್ಗಿ ಕೂತು ತೆಗೆದರೂ ಕಾರಿನ ಗಾಜು ಬೆಳ್ಳಗಾಗುವುದು ಇದೇ ಕಾರಣಕ್ಕೆ. ಇಲ್ಲಿ ಕೊಡೆಯನ್ನು ತಲೆಯ ಹಿಂದೆ ಅಲ್ಲ, ಮಳೆಗೆ ಹಿಡಿದಂತೆ ತಲೆಯ ಮೇಲೆ, ಕಾರಿನ ಕಡೆ ಸ್ವಲ್ಪ ಚಾಚಿ ಹಿಡಿಯಬೇಕು.

ಮರದ ಕೆಳಗೆ ಕಾರು ನಿಲ್ಲಿಸಿದರೆ ಸಾಲದೇ? ಎಲೆ ದಟ್ಟವಾಗಿದ್ದರೆ ಸಾಕು. ಎಲೆಗಳ ನಡುವೆ ಆಕಾಶ ಇಣುಕುತ್ತಿದ್ದರೆ ಮುಖದ ತುಂಬ ಬಿಳಿ ಚುಕ್ಕೆ ಬೀಳುತ್ತವೆ. ಮನೆಯ ಪೋರ್ಟಿಕೋ, ಪೆಟ್ರೋಲ್ ಬಂಕ್‌ನ ಚಾವಣಿ ಅದಕ್ಕಿಂತ ಉತ್ತಮ. ಎಲ್ಲಕ್ಕಿಂತ ಸುಲಭದ್ದು ಗಾಜು ಇಳಿಸುವುದು. ರೈಲಿನ ನಾನ್-ಎ.ಸಿ. ಬೋಗಿಯಲ್ಲೂ ಗಾಜಿನ ಷಟರ್ ಎತ್ತಿದರೆ ಸರಳುಗಳ ನಡುವೆ ಮುಖ ಸ್ಪಷ್ಟವಾಗಿ ಸಿಗುತ್ತದೆ.

ಕಾರಿನ ಆ ಬದಿಯ ಸೀಟಿನಲ್ಲಿ ಕೂತವರನ್ನು ಈ ಬದಿಯ ಗಾಜಿನ ಮೂಲಕ ತೆಗೆಯಬೇಕಿದ್ದರೆ ಮೊಬೈಲ್ ಲೆನ್ಸನ್ನು ಗಾಜಿಗೆ ಮೆಲ್ಲಗೆ ತಾಗಿಸಿ, ಸುತ್ತ ಕೈ ಅಡ್ಡ ಇಡಿ. ಪ್ರತಿಫಲಿಸಲು ಬೆಳಕೇ ಬರುವುದಿಲ್ಲ. ಗಾಜಿನ ಪಕ್ಕದಲ್ಲೇ ಕೂತವರಿಗೆ ಈ ಉಪಾಯ ಹೊಂದುವುದಿಲ್ಲ, ಅಷ್ಟು ಹತ್ತಿರದಿಂದ ಮೂಗು ದೊಡ್ಡದಾಗಿ ಮುಖ ವಿಕಾರವಾಗುತ್ತದೆ.

ಜನ ಹೇಳುವ ಉಪಾಯಗಳು: ಯಾವುದು ನಿಜ?

*ಗಾಜಿಗೆ ಎಣ್ಣೆ, ಶಾಂಪೂ ಒರೆಸಿದರೆ ಪ್ರತಿಬಿಂಬ ಹೋಗುತ್ತದೆ.* ಸುಳ್ಳು. ಗಾಜು ಎಷ್ಟು ಸ್ವಚ್ಛವಾದರೂ ಅದರ ಮೇಲ್ಮೈ ಕನ್ನಡಿಯ ಕೆಲಸ ಬಿಡುವುದಿಲ್ಲ. ಎಣ್ಣೆಯ ಪದರ ಬೆಳಕನ್ನು ಚದುರಿಸಿ ಮಬ್ಬು ಹೆಚ್ಚಿಸುತ್ತದೆ. ಕನ್ನಡಕದ ಪ್ರತಿಫಲನ ತಡೆಯುವ ಲೇಪನ ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳ್ಳಗಿನ, ಅಳತೆಗೆ ತಕ್ಕಂತೆ ಕಾರ್ಖಾನೆಯಲ್ಲಿ ಕೂರಿಸಿದ ಪದರ, ಕೈಯಿಂದ ಒರೆಸಿದ ಎಣ್ಣೆ ಅದಾಗುವುದಿಲ್ಲ. ಧೂಳು ಇದ್ದರೆ ಮೆತ್ತನೆ ಬಟ್ಟೆಯಿಂದ ಒರೆಸಿ, ಅಷ್ಟೇ.

*ಫ್ಲ್ಯಾಶ್ ಹಾಕಿದರೆ ಮುಖ ಬೆಳಗುತ್ತದೆ.* ಹೊರಗಿನಿಂದ ಹಾಕಿದರೆ ಗಾಜಿನಲ್ಲಿ ಫ್ಲ್ಯಾಶ್‌ನದೇ ಬಿಳಿ ಚುಕ್ಕೆ ಬೀಳುತ್ತದೆ. ಬೆಳಕು ಗಾಜಿನ ಒಳಗಿನಿಂದ ಬರಬೇಕು. ಕಾರಿನ ಒಳದೀಪ ಹಾಕಿಸಿ, ಅಥವಾ ರೈಲಿನಲ್ಲಿ ಪಕ್ಕದವರ ಮೊಬೈಲ್ ಟಾರ್ಚನ್ನು ಎದುರಿನ ತಿಳಿ ಬಣ್ಣದ ಗೋಡೆಗೆ ಬಿಟ್ಟು ಅದರ ಬೆಳಕು ಮುಖಕ್ಕೆ ಬರುವಂತೆ ಮಾಡಿ. ಗಾಜಿನ ಹತ್ತಿರಕ್ಕೆ ಬರಲು ಹೇಳಿದರೂ ಮುಖಕ್ಕೆ ಹೊರಗಿನ ಬೆಳಕು ಹೆಚ್ಚು ಸಿಗುತ್ತದೆ. ಬಿಸಿಲು ನೇರ ಮುಖಕ್ಕೆ ಬಿದ್ದರಂತೂ ಮುಖವೇ ಆಕಾಶದ ಪ್ರತಿಬಿಂಬವನ್ನು ಗೆಲ್ಲುತ್ತದೆ.

*ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಅಡ್ಡ ಹಿಡಿದರೆ ಪ್ರತಿಬಿಂಬ ಮಾಯ.* ಅರ್ಧ ನಿಜ. ಗಾಜಿಗೆ ನೇರ ಎದುರು ನಿಂತಾಗ ಇದರಿಂದ ಪ್ರಯೋಜನವೇ ಇಲ್ಲ. ನೇರ ಎದುರಿನಿಂದ ಸುಮಾರು 55 ಡಿಗ್ರಿ ಓರೆಗೆ ಸರಿದು, ಕನ್ನಡಕವನ್ನು ಲೆನ್ಸಿನ ಮುಂದೆ ನಿಧಾನವಾಗಿ ತಿರುಗಿಸಿದರೆ ಒಂದು ಸ್ಥಾನದಲ್ಲಿ ಪ್ರತಿಬಿಂಬ ಬಹುಪಾಲು ಇಳಿಯುತ್ತದೆ. ಆದರೆ ಬೆಳಕು ಅರ್ಧಕ್ಕಿಂತ ಕಡಿಮೆಯಾಗುವುದರಿಂದ ಕೈ ಅಲುಗಿದರೆ ಫೋಟೋ ಮಸುಕು. ಕಾರಿನ ಪಕ್ಕದ ಗಾಜಿನಲ್ಲಿ ಕಲೆಕಲೆಯಂತೆ ಚಿತ್ತಾರವೂ ಮೂಡಬಹುದು. ಅದು ಗಾಜನ್ನು ಕಾಯಿಸಿ ತಟ್ಟನೆ ತಣಿಸಿ ಗಟ್ಟಿಮಾಡಿದಾಗ ಉಳಿದ ಒತ್ತಡದ ಗುರುತು.

*ಆಮೇಲೆ ಆ್ಯಪ್‌ನಲ್ಲಿ ತೆಗೆಯಬಹುದು.* ತೆಳುವಾದ ಮಬ್ಬಿದ್ದರೆ ಕಾಂಟ್ರಾಸ್ಟ್ ಹೆಚ್ಚಿಸಿ ಸ್ವಲ್ಪ ಸರಿಮಾಡಬಹುದು. ಕಣ್ಣಿನ ಜಾಗ ಪೂರ್ತಿ ಬೆಳ್ಳಗಾಗಿದ್ದರೆ ಅಲ್ಲಿ ಕಣ್ಣಿನ ಮಾಹಿತಿಯೇ ದಾಖಲಾಗಿಲ್ಲ. ಯಾವ ಆ್ಯಪ್ ತೋರಿಸಿದರೂ ಅದು ಊಹಿಸಿ ಬರೆದ ಕಣ್ಣು, ನಿಮ್ಮ ಮಗಳದ್ದಲ್ಲ.

ಕ್ಲಿಕ್ ಮಾಡುವ ಮೊದಲು

ಕೊಡೆ ಸರಿಯಾದ ಮೇಲೂ ಮೊಬೈಲ್ ಗಾಜಿನ ಮೇಲಿನ ಧೂಳಿಗೋ ಮಳೆಹನಿಗೋ ಫೋಕಸ್ ಮಾಡಬಹುದು. ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಹೆಚ್ಚಿನ ಫೋನ್‌ಗಳಲ್ಲಿ ಫೋಕಸ್ ಮತ್ತು ಬೆಳಕಿನ ಪ್ರಮಾಣ ಎರಡೂ ಮುಖಕ್ಕೆ ನಿಲ್ಲುತ್ತವೆ. ತೆಗೆದ ಕೂಡಲೇ ಕಣ್ಣಿನ ಭಾಗವನ್ನು ದೊಡ್ಡದು ಮಾಡಿ ನೋಡಿ. ಕಣ್ಣಿನ ಕಪ್ಪು ಕಪ್ಪಾಗಿಯೇ ಕಂಡರೆ ಫೋಟೋ ಬಂದಿದೆ. ಬೂದು ಬಣ್ಣದಲ್ಲಿ ತೇಲುತ್ತಿದ್ದರೆ ಇನ್ನೂ ಯಾವುದೋ ಬೆಳಕು ಗಾಜಿನಲ್ಲಿದೆ, ಕೊಡೆಯನ್ನು ಒಂದು ಗೇಣು ಸರಿಸಿ ಇನ್ನೊಮ್ಮೆ ತೆಗೆಯಿರಿ. ರೈಲು ಇನ್ನೂ ನಿಂತಿದೆ.