ಕತ್ತಿನ ಗಂಟಿನೊಳಗೆ ಏನಿದೆ?

24 ವರ್ಷದ ಯುವಕನೊಬ್ಬನ ಕೊರಳೆಲುಬಿನ ಮೇಲ್ಗಡೆ ಒಂದು ಗಂಟು ಎರಡು ತಿಂಗಳಿಂದ ಬೆಳೆಯುತ್ತಿದೆ ಎಂದಿಟ್ಟುಕೊಳ್ಳೋಣ. ನೋವಿಲ್ಲ. ಸಂಜೆಯಾದರೆ ಸಣ್ಣ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಲ್ಲವೂ ಸರಿಯಾಗಿವೆ. ರಕ್ತ ಚೆನ್ನಾಗಿದೆಯಲ್ಲ, ಕ್ಯಾನ್ಸರ್ ಇರಲಾರದು ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ.

ಈ ಸಮಾಧಾನಕ್ಕೆ ಆಧಾರವಿಲ್ಲ. ಲ್ಯುಕೇಮಿಯಾ ಮತ್ತು ಲಿಂಫೋಮಾ ಎರಡನ್ನೂ ಜನ ‘ಬ್ಲಡ್ ಕ್ಯಾನ್ಸರ್’ ಎಂದೇ ಕರೆದರೂ ಅವು ನೆಲೆಯೂರುವ ಜಾಗ ಬೇರೆ. ಲ್ಯುಕೇಮಿಯಾ ಹುಟ್ಟುವುದು ರಕ್ತಕಣಗಳು ತಯಾರಾಗುವ ಮೂಳೆಮಜ್ಜೆಯಲ್ಲಿ. ಅಲ್ಲಿ ಕೆಟ್ಟ ಕಣಗಳು ತುಂಬಿಕೊಂಡಾಗ ಒಳ್ಳೆಯ ಕಣಗಳಿಗೆ ಜಾಗವೇ ಇರುವುದಿಲ್ಲ. ಹಾಗಾಗಿ ರಕ್ತಹೀನತೆ, ವಸಡಿನ ರಕ್ತಸ್ರಾವ, ಪದೇಪದೇ ಸೋಂಕು ಕಾಣಿಸಿಕೊಂಡು, ರಕ್ತದ ವರದಿಯಲ್ಲೇ ಸಾಮಾನ್ಯವಾಗಿ ಸುಳಿವು ಸಿಗುತ್ತದೆ. ಲಿಂಫೋಮಾ ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಕ್ಯಾನ್ಸರ್. ಅದು ಹೆಚ್ಚಾಗಿ ಕತ್ತು, ಕಂಕುಳು, ತೊಡೆಸಂದು, ಎದೆಯೊಳಗಿನ ದುಗ್ಧಗ್ರಂಥಿಗಳಲ್ಲಿ ಗಡ್ಡೆಯಾಗಿ ಬೆಳೆಯುತ್ತದೆ. ರಕ್ತ ಬಹುಕಾಲ ಏನೂ ಆಗಿಲ್ಲವೆಂಬಂತೆ ಇರಬಹುದು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಗಂಟು, ಸಂಜೆ ಜ್ವರ, ಬೆವರು ಎಂದೊಡನೆ ಮೊದಲು ನೆನಪಾಗುವುದು ಕ್ಷಯ. ಅದು ಸಹಜವೇ, ಕತ್ತಿನ ಗ್ರಂಥಿಗೆ ಕ್ಷಯ ತಗಲುವುದು ಇಲ್ಲಿ ಸಾಮಾನ್ಯ. ಆದರೆ ಕ್ಷಯವೆಂದು ಖಚಿತವಾಗದೆ ತಿಂಗಳುಗಟ್ಟಲೆ ಮಾತ್ರೆ ನುಂಗಿದ ಮೇಲೂ ಗಂಟು ಬೆಳೆಯುತ್ತಲೇ ಇದ್ದು, ಕೊನೆಗೆ ಲಿಂಫೋಮಾ ಎಂದು ತಿಳಿದವರಿದ್ದಾರೆ. ಸೂಜಿ ಚುಚ್ಚಿ ಕೆಲವು ಕಣಗಳನ್ನು ಹೀರಿ ನೋಡುವ ಎಫ್‌ಎನ್‌ಎಸಿ ಒಳ್ಳೆಯ ಮೊದಲ ಹೆಜ್ಜೆ. ಆದರೆ ಅದರಲ್ಲಿ ಬಿಡಿ ಕಣಗಳಷ್ಟೇ ಸಿಗುತ್ತವೆ, ಗ್ರಂಥಿಯ ಒಳರಚನೆ ಕಾಣುವುದಿಲ್ಲ. ಲಿಂಫೋಮಾದ ಗುಟ್ಟು ಇರುವುದು ಆ ರಚನೆಯಲ್ಲೇ. ಅದಕ್ಕಾಗಿ ಸಾಧ್ಯವಾದರೆ ಇಡೀ ಗ್ರಂಥಿಯನ್ನೇ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಅದಕ್ಕೆ ಮೊದಲೇ ಸ್ಟೀರಾಯ್ಡ್ ಕೊಟ್ಟುಬಿಟ್ಟರೆ ಗಂಟು ತಾತ್ಕಾಲಿಕವಾಗಿ ಕರಗಿ, ಬಯಾಪ್ಸಿಯಲ್ಲಿ ರೋಗವೇ ಗುರುತು ಸಿಗದೆ ಹೋಗಬಹುದು.

ತೆಗೆದ ಗ್ರಂಥಿಯನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ಮೂರು ನಾಲ್ಕು ಮೈಕ್ರಾನ್ ದಪ್ಪದ ಪದರಗಳಾಗಿ ಕತ್ತರಿಸಿ, ನೇರಳೆ ಮತ್ತು ಗುಲಾಬಿ ಬಣ್ಣ ಹಚ್ಚುತ್ತಾರೆ. ನಮ್ಮ ಯುವಕನ ಸ್ಲೈಡಿನಲ್ಲಿ ಪೆಥಾಲಜಿಸ್ಟ್‌ಗೆ ಮೊದಲು ಕಾಣುವುದು ಊತದ ನೋಟ: ಸಾಮಾನ್ಯ ಲಿಂಫೋಸೈಟ್‌ಗಳು, ಕೆಂಪಗೆ ಹೊಳೆಯುವ ಇಯೋಸಿನೋಫಿಲ್‌ಗಳು, ನಡುನಡುವೆ ನಾರಿನ ಪಟ್ಟಿಗಳು. ಈ ಗುಂಪಿನ ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ ಕಣ. ಅದರೊಳಗೆ ಎರಡು ಕೋಶಕೇಂದ್ರ, ಪ್ರತಿಯೊಂದರಲ್ಲೂ ದಪ್ಪ ಕೆಂಪು ಚುಕ್ಕೆ, ಗೂಬೆ ಎರಡು ಕಣ್ಣು ಬಿಟ್ಟು ನೋಡುತ್ತಿರುವ ಹಾಗೆ. ಇದೇ ರೀಡ್-ಸ್ಟರ್ನ್‌ಬರ್ಗ್ ಕಣ, ಹಾಡ್ಕಿನ್ ಲಿಂಫೋಮಾದ ಗುರುತು. ಗಡ್ಡೆಯಲ್ಲಿ ಕ್ಯಾನ್ಸರ್ ಕಣಗಳು ಹಲವು ಬಾರಿ ಶೇ. 1ರಷ್ಟೂ ಇರುವುದಿಲ್ಲ, ಉಳಿದವೆಲ್ಲ ಅವುಗಳ ಕರೆಗೆ ಬಂದು ಸೇರಿದ ಆರೋಗ್ಯವಂತ ಕಣಗಳು. ಸೂಜಿಗೆ ಅವು ತಪ್ಪಿಸಿಕೊಳ್ಳುವುದು ಇದೇ ಕಾರಣಕ್ಕೆ.

ಆದರೂ ಇಂಥ ಕಣಗಳು ಕೆಲವು ವೈರಸ್ ಸೋಂಕುಗಳಲ್ಲೂ ಕಾಣುವುದುಂಟು. ಅದಕ್ಕೇ ಕಣದ ಮೈಮೇಲಿನ ಪ್ರೋಟೀನ್‌ಗಳಿಗೆ ಬಣ್ಣ ಹಿಡಿಸುವ ಇಮ್ಯುನೋ ಪರೀಕ್ಷೆ ಬೇಕು. ಸಿಡಿ30, ಸಿಡಿ15 ಬಣ್ಣ ಹಿಡಿದು ಸಿಡಿ20 ಹಿಡಿಯದಿದ್ದರೆ ಹಾಡ್ಕಿನ್ ಎಂಬುದಕ್ಕೆ ಬಲ ಬರುತ್ತದೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಡ್ಕಿನ್ 1832ರಲ್ಲಿ ಈ ರೋಗವನ್ನು ವರ್ಣಿಸಿದ್ದು ಶವಪರೀಕ್ಷೆಯಲ್ಲಿ ಬರಿಗಣ್ಣಿಗೆ ಕಂಡದ್ದರಿಂದ. ಸುಮಾರು ಒಂದು ಶತಮಾನದ ನಂತರ, 1926ರಲ್ಲಿ, ಅವನ ಕಾಲದ ಮಾದರಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಎಲ್ಲವೂ ಈ ರೋಗವಾಗಿರಲಿಲ್ಲ.

ಉಳಿದ ಲಿಂಫೋಮಾಗಳೆಲ್ಲ ನಾನ್-ಹಾಡ್ಕಿನ್ ಎಂಬ ದೊಡ್ಡ ಗುಂಪಿಗೆ ಸೇರುತ್ತವೆ. ಇಲ್ಲಿ ಚಿತ್ರ ತಿರುಗಾಮುರುಗಾ, ನೋಡಿದಲ್ಲೆಲ್ಲ ಕ್ಯಾನ್ಸರ್ ಕಣಗಳೇ. ಆರೋಗ್ಯವಂತ ಗ್ರಂಥಿಯಲ್ಲಿ ಫಾಲಿಕಲ್ ಎಂಬ ದುಂಡನೆಯ ಗುಂಪುಗಳು ಅಂಚಿನಲ್ಲಿ, ಬಿಡಿಬಿಡಿಯಾಗಿ ಇರುತ್ತವೆ. ಫಾಲಿಕ್ಯುಲರ್ ಲಿಂಫೋಮಾದಲ್ಲಿ ಅವು ಒಂದೇ ಅಳತೆಯವಾಗಿ, ಒತ್ತೊತ್ತಾಗಿ ಗ್ರಂಥಿಯ ತುಂಬ ಹರಡಿರುತ್ತವೆ. ಇದು ನಿಧಾನಗತಿಯ ರೋಗ, ತೊಂದರೆ ಕೊಡದಿದ್ದರೆ ಚಿಕಿತ್ಸೆಯಿಲ್ಲದೆ ಗಮನಿಸುತ್ತಾ ಇರುವುದೂ ಉಂಟು. ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾದಲ್ಲಿ ಫಾಲಿಕಲ್‌ಗಳೇ ಉಳಿದಿರುವುದಿಲ್ಲ. ದೊಡ್ಡ ಕಣಗಳು ಹಾಸಿದಂತೆ ತುಂಬಿರುತ್ತವೆ, ಸಿಡಿ20 ಬಣ್ಣ ಎದ್ದು ಕಾಣುತ್ತದೆ. ವೇಗವಾಗಿ ಬೆಳೆಯುವ ಈ ರೋಗಕ್ಕೆ ಕೀಮೋಥೆರಪಿಯ ಜೊತೆಗೆ ಸಿಡಿ20ಯನ್ನೇ ಹಿಡಿಯುವ ರಿಟುಕ್ಸಿಮ್ಯಾಬ್ ಕೊಡುತ್ತಾರೆ.

ಲ್ಯುಕೇಮಿಯಾ, ಲಿಂಫೋಮಾಗಳ ನಡುವಿನ ಗೆರೆ ಕೆಲವೊಮ್ಮೆ ಅಳಿಸಿಹೋಗುತ್ತದೆ. ವಯಸ್ಸಾದವರಲ್ಲಿ ಕಾಣುವ ಸಿಎಲ್‌ಎಲ್ ಎಂಬ ದೀರ್ಘಕಾಲದ ಲ್ಯುಕೇಮಿಯಾದ ಕಣಗಳೂ ಎಸ್‌ಎಲ್‌ಎಲ್ ಎಂಬ ಲಿಂಫೋಮಾದ ಕಣಗಳೂ ಒಂದೇ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅಂಥ ಕಣಗಳು 5,000 ದಾಟಿದರೆ ಮೊದಲ ಹೆಸರು. ಅಷ್ಟಿಲ್ಲದೆ ಗ್ರಂಥಿಗಳಲ್ಲೇ ಹೆಚ್ಚಾಗಿದ್ದರೆ ಎರಡನೆಯದು. ಔಷಧಿ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ.