ಅಳಿಸಿದ ಹಚ್ಚೆ ಮರಳುವುದಿಲ್ಲ

ಸವಣೂರಿನ ಗೆಳೆಯ ತೀರಿಕೊಂಡ ಅವ್ವನ ಜೊತೆಗಿನ ಸೆಲ್ಫಿ ಕಳಿಸಿ, 'ಬ್ಯೂಟಿ ಫಿಲ್ಟರ್ ತಗದು ಫ್ರೇಮಿಗೆ ಮಾಡಿ ಕೊಡೋ' ಅಂದ. ಹಿಗ್ಗಿಸಿ ನೋಡಿದೆ: ಕೆನ್ನೆ ಮೇಣದಂತೆ ನುಣುಪು, ಹಣೆಯ ಹಚ್ಚೆ ಮಾಯ.

ತೆಗೆದ ಫೋನಿನ ಗ್ಯಾಲರಿಯಲ್ಲೇ ಆ ಫೋಟೊ ತೆರೆದು, ಎಡಿಟ್‌ನಲ್ಲಿ 'Revert' ಇದೆಯಾ ನೋಡು ಅಂದೆ. ಫಿಲ್ಟರನ್ನು ಆಮೇಲೆ ಗ್ಯಾಲರಿಯಲ್ಲಿ ಹಾಕಿದ್ದರೆ ಮೂಲ ಫೋಟೊ ಸಿಗಬಹುದಿತ್ತು. ಇರಲಿಲ್ಲ. ಕ್ಲಿಕ್ಕಿಸುವಾಗಲೇ ಕ್ಯಾಮೆರಾ ಚರ್ಮ ತೀಡಿ, ಆ ಒಂದೇ ಪ್ರತಿ ಉಳಿಸಿತ್ತು. ಇದನ್ನು ಶಾರ್ಪ್ ಮಾಡಿದರೆ ಅಂಚು ಗಡುಸಾಗುತ್ತೆ, ಹೋದ ಗೆರೆ ಬರಲ್ಲ.

ಕೊನೆಗೆ ಹಿಂದಿನ ಕ್ಯಾಮೆರಾದಲ್ಲಿ ತೆಗೆದ ಹಳೆಯ ಫೋಟೊ ಸಿಕ್ಕಿತು. ಹಚ್ಚೆ ಸ್ಪಷ್ಟವಿತ್ತು, ಅದನ್ನೇ ಫ್ರೇಮಿಗೆ ಹಾಕಿದೆವು.

ನಿಮ್ಮ ಸೆಲ್ಫಿ ಕ್ಯಾಮೆರಾದಲ್ಲಿ ಬ್ಯೂಟಿಯನ್ನು ಸೊನ್ನೆಗಿಳಿಸಿ. ಪೋರ್ಟ್ರೇಟ್ ಮೋಡಿನಲ್ಲೂ ಬೇರೆಯಾಗಿ ನೋಡಿ. ಆಮೇಲೆ ಬೆಳಕಿನಲ್ಲಿ ಒಂದು ಸೆಲ್ಫಿ ತೆಗೆದು ಹಿಗ್ಗಿಸಿ. ಮಚ್ಚೆ, ಸುಕ್ಕು ಕಂಡರೆ ಆಫ್ ಆಗಿದೆ ಅಂತ ಅರ್ಥ.